ವಾದಿಸಬಹುದಾದ ಥೀಸಿಸ್ ಸ್ಟೇಟ್‌ಮೆಂಟ್ ಕಟ್ಟುವುದು ಹೇಗೆ: ‘ಫ್ರಾಂಕೆನ್‌ಸ್ಟೈನ್’ ಇಟ್ಟುಕೊಂಡು ಒಂದು ಪೂರ್ತಿ ಉದಾಹರಣೆ

ಮೊದಲ ವರ್ಷದಲ್ಲಿ ಒಂದು ಕಾದಂಬರಿ ಕೊಟ್ಟು, ಅದರ ಮೇಲೆ ಸಾವಿರದೈನೂರು ಪದಗಳ ಪ್ರಬಂಧ ಬರೆಯಿರಿ ಎಂದಾಗ ಹೆಚ್ಚಿನವರು ಹೀಗೆ ಶುರು ಮಾಡುತ್ತಾರೆ: “ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿ ಒಂಟಿತನ, ವಿಜ್ಞಾನ ಮತ್ತು ಮಹತ್ವಾಕಾಂಕ್ಷೆಯ ಬಗ್ಗೆ ಮಾತನಾಡುತ್ತದೆ.” ಈ ವಾಕ್ಯದಲ್ಲಿ ತಪ್ಪೇನಿಲ್ಲ. ತೊಂದರೆಯೇ ಅದು. ಇದನ್ನು ಯಾರೂ ಅಲ್ಲಗಳೆಯುವುದಿಲ್ಲ. ಅಲ್ಲಗಳೆಯುವವರೇ ಇಲ್ಲದಿದ್ದರೆ ಮುಂದಿನ ಐದು ಪುಟ ನೀವು ಯಾರಿಗೆ, ಏನನ್ನು ಸಾಬೀತು ಮಾಡುತ್ತೀರಿ? ಕೊನೆಗೆ ಪ್ರಬಂಧ ಕಥೆಯ ಸಾರಾಂಶವಾಗಿಬಿಡುತ್ತದೆ.

ಥೀಸಿಸ್ ಸ್ಟೇಟ್‌ಮೆಂಟ್ ಎಂದರೆ ಇಡೀ ಪ್ರಬಂಧ ಸಾಬೀತು ಮಾಡಲು ಹೊರಟಿರುವ ಒಂದು ಮಾತು. ಒಂದು ವಾಕ್ಯ, ಹೆಚ್ಚೆಂದರೆ ಎರಡು ಮೂರು. ಅದೇ ಕಾದಂಬರಿಯನ್ನು ಗಮನವಿಟ್ಟು ಓದಿದ ಇನ್ನೊಬ್ಬರು “ಇಲ್ಲ, ನನಗೆ ಹಾಗನ್ನಿಸಲಿಲ್ಲ” ಎಂದು ಪುಸ್ತಕ ತೆರೆದು ತೋರಿಸಲು ಸಾಧ್ಯವಿರಬೇಕು. ವಾದಿಸಬಹುದಾದ ಮಾತು ಎಂದರೆ ಇಷ್ಟೇ. ಅಂಥದ್ದನ್ನು ಹುಡುಕುವುದು ಹೇಗೆ ಎಂದು ಒಂದೇ ಕಾದಂಬರಿಯನ್ನು ಹಿಡಿದುಕೊಂಡು ನೋಡೋಣ. ‘ಫ್ರಾಂಕೆನ್‌ಸ್ಟೈನ್’ ಎಲ್ಲ ಕಡೆ ಪಾಠಕ್ಕೆ ಇಡುವ ಪುಸ್ತಕ. ಓದಿಲ್ಲದಿದ್ದರೂ ಚಿಂತೆಯಿಲ್ಲ, ಬೇಕಾದ ಸನ್ನಿವೇಶಗಳನ್ನು ಹೇಳುತ್ತಾ ಹೋಗುತ್ತೇನೆ. ಒಂದು ಮಾತು ಮಾತ್ರ ಮೊದಲೇ: ಫ್ರಾಂಕೆನ್‌ಸ್ಟೈನ್ ಅನ್ನುವುದು ಸೃಷ್ಟಿ ಮಾಡಿದವನ ಹೆಸರು, ವಿಕ್ಟರ್ ಫ್ರಾಂಕೆನ್‌ಸ್ಟೈನ್. ಅವನು ಮಾಡಿದ ಜೀವಿಗೆ ಕಾದಂಬರಿಯಲ್ಲಿ ಹೆಸರೇ ಇಲ್ಲ.

ಮೊದಲು, ಯಾವುದು ಥೀಸಿಸ್ ಅಲ್ಲ

“ವಿಕ್ಟರ್ ತಾನು ಮಾಡಿದ ಜೀವಿಯನ್ನು ಬಿಟ್ಟು ಓಡುತ್ತಾನೆ.” ಇದು ಕಥೆಯಲ್ಲಿ ನಡೆದ ಸಂಗತಿ. ಪುಟ ತೆರೆದರೆ ಮುಗಿಯಿತು, ವಾದಕ್ಕೆ ಜಾಗವಿಲ್ಲ.

“ಕಾದಂಬರಿ ಒಂಟಿತನದ ಬಗ್ಗೆ ಇದೆ.” ಇದು ವಿಷಯದ ಹೆಸರು. ಒಂಟಿತನದ ಬಗ್ಗೆ ಏನು ಹೇಳುತ್ತದೆ ಎಂಬುದು ಇನ್ನೂ ಬಾಯಿಗೆ ಬಂದಿಲ್ಲ.

“ಶೆಲ್ಲಿ ಜೀವಿಯ ನೋವನ್ನು ತುಂಬಾ ಚೆನ್ನಾಗಿ ಚಿತ್ರಿಸಿದ್ದಾರೆ.” ಇದು ಮೆಚ್ಚುಗೆ. ಒಪ್ಪಬಹುದು, ಬಿಡಬಹುದು, ಆದರೆ ಪುಸ್ತಕದ ಆಧಾರದ ಮೇಲೆ ಜಗಳವಾಡಲು ಆಗುವುದಿಲ್ಲ.

“ಹೊರಗಿನ ರೂಪ ನೋಡಿ ಯಾರನ್ನೂ ಅಳೆಯಬಾರದು.” ಇದು ಎಲ್ಲಕ್ಕಿಂತ ಮೋಸದ್ದು, ಯಾಕೆಂದರೆ ಕೇಳಲು ಥೀಸಿಸ್ ಥರಾನೇ ಇದೆ. ಆದರೆ ಇದು ಜಗತ್ತಿನ ಬಗ್ಗೆ ಒಂದು ನೀತಿಮಾತು. ಕಾದಂಬರಿಯನ್ನು ತೆಗೆದಿಟ್ಟರೂ ಹಾಗೇ ನಿಂತಿರುತ್ತದೆ. ನಿಮ್ಮ ವಾಕ್ಯದಿಂದ ಕಾದಂಬರಿಯ ಹೆಸರು ತೆಗೆದು ಇನ್ನೊಂದರ ಹೆಸರು ಹಾಕಿ ನೋಡಿ. ಆಗಲೂ ಸರಿಹೊಂದಿದರೆ ಅದು ಈ ಕಾದಂಬರಿಯ ಥೀಸಿಸ್ ಅಲ್ಲ.

ಇನ್ನೊಂದು ಬಗೆಯದು ಲೇಖಕಿಯ ಬದುಕಿನ ಕಡೆ ಜಾರುವುದು. ಮೇರಿ ಶೆಲ್ಲಿ ಹುಟ್ಟಿದ ಕೆಲವೇ ದಿನಗಳಲ್ಲಿ, 1797ರಲ್ಲಿ, ತಾಯಿ ತೀರಿಕೊಂಡರು. 1815ರಲ್ಲಿ ಮೇರಿಯ ಮೊದಲ ಮಗುವೂ ತೀರಿಕೊಂಡಿತು. ಇದನ್ನು ತಿಳಿದ ಕೂಡಲೇ “ತನ್ನ ದುಃಖವನ್ನೇ ಶೆಲ್ಲಿ ಈ ಕಾದಂಬರಿಯಾಗಿಸಿದಳು” ಎಂದು ಬರೆಯುವ ಆಸೆಯಾಗುತ್ತದೆ. ಆದರೆ ಅದನ್ನು ಕಾದಂಬರಿಯ ಪುಟಗಳಿಂದ ಸಾಬೀತು ಮಾಡಲಾಗದು. ಅದಕ್ಕೆ ಪತ್ರ, ದಿನಚರಿ ಬೇಕು. ಒಂದು ಕಾದಂಬರಿಯ ಮೇಲಿನ ಪ್ರಬಂಧಕ್ಕೆ ಆಧಾರ ಆ ಕಾದಂಬರಿಯಲ್ಲೇ ಸಿಗಬೇಕು.

ಹೆಜ್ಜೆ 1: ದೊಡ್ಡ ವಿಷಯ ಬಿಡಿ, ಒಂದು ವಿಚಿತ್ರ ಸಣ್ಣ ವಿವರ ಹಿಡಿಯಿರಿ

“ಥೀಮ್ ಏನು?” ಎಂದು ಕೇಳಿಕೊಂಡರೆ ಎಲ್ಲರಿಗೂ ಸಿಗುವ ಉತ್ತರವೇ ನಿಮಗೂ ಸಿಗುತ್ತದೆ. ಅದರ ಬದಲು ಓದುವಾಗ “ಇದ್ಯಾಕೆ ಹೀಗಿದೆ?” ಅನ್ನಿಸಿದ ಜಾಗಗಳಿಗೆ ಪೆನ್ಸಿಲ್ ಗುರುತು ಹಾಕಿ. ಮತ್ತೆ ಮತ್ತೆ ಬರುವ ವಸ್ತು, ಬೇಕಿಲ್ಲದಿದ್ದರೂ ಬರುವ ಒಂದು ಚಲನೆ, ಪಾತ್ರ ಹೇಳುವುದಕ್ಕೂ ಮಾಡುವುದಕ್ಕೂ ಇರುವ ಅಂತರ. ಇಂಥವು.

‘ಫ್ರಾಂಕೆನ್‌ಸ್ಟೈನ್’ನಲ್ಲಿ ನಾನು ಹಿಡಿಯುವುದು ಇದನ್ನು. 10ನೇ ಅಧ್ಯಾಯದಲ್ಲಿ ವಿಕ್ಟರ್ ಹಿಮನದಿಯ ಮೇಲೆ ಜೀವಿಯನ್ನು ಎದುರಿಸುತ್ತಾನೆ. ನಿನ್ನ ರೂಪ ನನ್ನ ಕಣ್ಣೆದುರಿಂದ ತೊಲಗಲಿ ಎಂದು ಕೂಗುತ್ತಾನೆ. ಆಗ ಜೀವಿ ಏನು ಮಾಡುತ್ತಾನೆ ಗೊತ್ತಾ? ತನ್ನ ಕೈಗಳನ್ನು ವಿಕ್ಟರನ ಕಣ್ಣಿಗೆ ಅಡ್ಡ ಹಿಡಿಯುತ್ತಾನೆ. ಇಗೋ, ಈಗ ಕಾಣುವುದಿಲ್ಲ, ಕೇಳುವುದಾದರೂ ಕೇಳು ಅನ್ನುವ ಹಾಗೆ. ವಿಕ್ಟರ್ ಆ ಕೈಗಳನ್ನು ಕಿತ್ತೆಸೆಯುತ್ತಾನೆ.

ಕಥೆ ಮುಂದೆ ಹೋಗಲು ಈ ಚಲನೆ ಬೇಕಿರಲಿಲ್ಲ. ಜೀವಿ ಸುಮ್ನೆ ಬೇಡಿಕೊಳ್ಳಬಹುದಿತ್ತು. ಕಣ್ಣು ಮುಚ್ಚಿಸುವುದು ಯಾಕೆ? ಪ್ರಬಂಧಕ್ಕೆ ಬೇಕಾದದ್ದು ಇಂಥ ಒಂದು ‘ಯಾಕೆ’.

ಹೆಜ್ಜೆ 2: ಅದೇ ವಿವರ ಇನ್ನೆಲ್ಲಿ ಬರುತ್ತದೆ ನೋಡಿ

ಒಂದೇ ಕಡೆ ಬಂದ ವಿವರದ ಮೇಲೆ ಇಡೀ ಪ್ರಬಂಧ ನಿಲ್ಲುವುದಿಲ್ಲ. ಈಗ ಪುಸ್ತಕವನ್ನು ಮತ್ತೆ ತಿರುವಿ. ಪೂರ್ತಿ ಓದಬೇಕಾಗಿಲ್ಲ, ಕಣ್ಣು, ನೋಟ, ಮುಖ, ಕೇಳುವುದು ಇವಿಷ್ಟನ್ನೇ ಹುಡುಕಿ. ಸಿಕ್ಕಿದ್ದನ್ನು ಅಧ್ಯಾಯದ ಸಂಖ್ಯೆಯ ಜೊತೆ ನೋಟ್ಸ್‌ನಲ್ಲಿ ಬರೆದುಕೊಳ್ಳಿ. ನನ್ನ ಪಟ್ಟಿ ಹೀಗೆ ಬರುತ್ತದೆ:

- ಅಧ್ಯಾಯ 5: ಜೀವಿ ಕಣ್ಣು ತೆರೆಯುತ್ತಾನೆ. ವಿಕ್ಟರ್ ನೋಡುತ್ತಾನೆ, ಓಡುತ್ತಾನೆ. ಇನ್ನೂ ಯಾರೂ ಮಾತಾಡಿಲ್ಲ.
- ಅಧ್ಯಾಯ 15: ಕುರುಡ ಮುದುಕ ಡಿ ಲೇಸಿ ಜೀವಿಯ ಮಾತು ಕೇಳುತ್ತಾನೆ. ನಿನ್ನ ಮುಖ ನನಗೆ ಕಾಣದು, ಆದರೆ ನಿನ್ನ ಮಾತಿನಲ್ಲಿ ಪ್ರಾಮಾಣಿಕತೆ ಇದೆ ಅನ್ನಿಸುತ್ತದೆ ಎನ್ನುತ್ತಾನೆ. ಅಷ್ಟರಲ್ಲಿ ಮನೆಯವರು ಒಳಗೆ ಬರುತ್ತಾರೆ. ಅಗಾಥಾ ಮೂರ್ಛೆ ಹೋಗುತ್ತಾಳೆ, ಸಾಫೀ ಹೊರಗೆ ಓಡುತ್ತಾಳೆ, ಫೆಲಿಕ್ಸ್ ಕೋಲಿನಿಂದ ಹೊಡೆಯುತ್ತಾನೆ.
- ಅಧ್ಯಾಯ 16: ಮುಳುಗುತ್ತಿದ್ದ ಹುಡುಗಿಯನ್ನು ಜೀವಿ ಕಾಪಾಡುತ್ತಾನೆ. ಅವಳ ಜೊತೆಯವನು ನೋಡಿದ ಕೂಡಲೇ ಅವಳನ್ನು ಕಿತ್ತುಕೊಳ್ಳುತ್ತಾನೆ, ಆಮೇಲೆ ಗುಂಡು ಹಾರಿಸುತ್ತಾನೆ.
- ಅಧ್ಯಾಯ 16: ವಿಕ್ಟರನ ಪುಟ್ಟ ತಮ್ಮ ವಿಲಿಯಂ ಜೀವಿಯನ್ನು ಕಂಡು ತನ್ನ ಕಣ್ಣುಗಳನ್ನು ಕೈಯಿಂದ ಮುಚ್ಚಿಕೊಂಡು ಕಿರುಚುತ್ತಾನೆ.
- ಅಧ್ಯಾಯ 17: ಜೀವಿಯ ಕಥೆ ಪೂರ್ತಿ ಕೇಳಿದ ವಿಕ್ಟರನಿಗೆ ಕನಿಕರ ಹುಟ್ಟುತ್ತದೆ. ತಲೆಯೆತ್ತಿ ಅವನನ್ನು ನೋಡಿದ ಕೂಡಲೇ ಆ ಕನಿಕರ ಅಸಹ್ಯವಾಗುತ್ತದೆ.
- ಅಧ್ಯಾಯ 24: ವಿಕ್ಟರನನ್ನು ತನ್ನ ಹಡಗಿಗೆ ಹತ್ತಿಸಿಕೊಂಡು ಅವನ ಕಥೆ ಕೇಳಿದ ಕ್ಯಾಪ್ಟನ್ ವಾಲ್ಟನ್ ಜೀವಿಯ ಮುಖ ನೋಡಿ ತನಗೆ ಅರಿವಿಲ್ಲದೆಯೇ ಕಣ್ಣು ಮುಚ್ಚಿಕೊಳ್ಳುತ್ತಾನೆ. ಮುಚ್ಚಿಕೊಂಡ ಮೇಲೆಯೇ, ಹೋಗಬೇಡ ನಿಲ್ಲು ಎನ್ನುತ್ತಾನೆ.

10ನೇ ಅಧ್ಯಾಯದ್ದನ್ನೂ ಸೇರಿಸಿ ಇವನ್ನು ಸಾಲಾಗಿ ಇಟ್ಟು ನೋಡಿದಾಗ ಮೈ ಜುಮ್ಮೆನ್ನುತ್ತದೆ. ಒಬ್ಬನ ಕಣ್ಣನ್ನು ಜೀವಿ ಮುಚ್ಚುತ್ತಾನೆ, ಒಬ್ಬ ಹುಡುಗ ತಾನೇ ಮುಚ್ಚಿಕೊಳ್ಳುತ್ತಾನೆ, ಒಬ್ಬ ಕ್ಯಾಪ್ಟನ್ ಅರಿವಿಲ್ಲದೆ ಮುಚ್ಚಿಕೊಳ್ಳುತ್ತಾನೆ, ಒಬ್ಬ ಮುದುಕನ ಕಣ್ಣು ಮೊದಲೇ ಮುಚ್ಚಿದೆ. ಇದು ಕಾಕತಾಳೀಯ ಅಂತ ನನಗಂತೂ ಅನ್ನಿಸುವುದಿಲ್ಲ.

ಈ ಅಧ್ಯಾಯ ಸಂಖ್ಯೆಗಳು 1831ರ ಆವೃತ್ತಿಯವು. 1818ರ ಮೊದಲ ಆವೃತ್ತಿ ಮೂರು ಸಂಪುಟಗಳಲ್ಲಿತ್ತು, ಪ್ರತಿ ಸಂಪುಟಕ್ಕೂ ಅಧ್ಯಾಯ ಒಂದರಿಂದ ಶುರು. ಎರಡರ ನಡುವೆ ಬೇರೆ ವ್ಯತ್ಯಾಸಗಳೂ ಇವೆ. ಎಲಿಜಬೆತ್ ಮೊದಲನೆಯದರಲ್ಲಿ ವಿಕ್ಟರನ ಹತ್ತಿರದ ನೆಂಟಳು, ಎರಡನೆಯದರಲ್ಲಿ ಮನೆಗೆ ತಂದು ಸಾಕಿದ ಹುಡುಗಿ. ವಿಧಿಯ ಮಾತು 1831ರಲ್ಲಿ ಜಾಸ್ತಿ. ಹಾಗಾಗಿ ನಿಮ್ಮ ಥೀಸಿಸ್ ವಿಧಿ ಅಥವಾ ಕುಟುಂಬದ ಬಗ್ಗೆ ಇದ್ದರೆ, ಯಾವ ಆವೃತ್ತಿ ಓದುತ್ತಿದ್ದೀರಿ ಎಂಬುದರ ಮೇಲೆ ವಾದವೇ ಬದಲಾಗಬಹುದು.

ಹೆಜ್ಜೆ 3: ಪಟ್ಟಿಯನ್ನು ಪ್ರಶ್ನೆಯಾಗಿ ತಿರುಗಿಸಿ, ಒಂದು ಒರಟು ಉತ್ತರ ಬರೆಯಿರಿ

ಪ್ರಶ್ನೆ ‘ಏನು’ ಎಂಬುದರಿಂದ ಶುರುವಾದರೆ ಉತ್ತರ ಸಾರಾಂಶವಾಗುತ್ತದೆ. ‘ಯಾಕೆ’ ಅಥವಾ ‘ಹೇಗೆ’ಯಿಂದ ಶುರು ಮಾಡಿ. ನಮ್ಮ ಪ್ರಶ್ನೆ: ಜೀವಿಯ ಮಾತು ಕೇಳುವಾಗ ಜನರಿಗೆ ಅವನ ಮೇಲೆ ಕನಿಕರ ಬರುತ್ತದೆ. ಆದರೂ ಅದು ಯಾಕೆ ನಿಲ್ಲುವುದಿಲ್ಲ?

ಉತ್ತರದ ಮೊದಲ ಪ್ರಯತ್ನ: “ಫ್ರಾಂಕೆನ್‌ಸ್ಟೈನ್ ಕಾದಂಬರಿಯಲ್ಲಿ ನೋಟ ಕೆಟ್ಟದ್ದು, ಮಾತು ಒಳ್ಳೆಯದು.”

ಇದು ಕಚ್ಚಾ. ಆದರೂ ಇಷ್ಟು ಹೊತ್ತಿಗೆ ಯಾರೋ ಒಬ್ಬರು ಜಗಳಕ್ಕೆ ಬರಬಹುದಾದ ಒಂದು ಮಾತು ಸಿಕ್ಕಿದೆ. ಇದನ್ನೇ ಸ್ವಲ್ಪ ಗಟ್ಟಿ ಮಾಡಿ ಎರಡನೆಯ ಪ್ರಯತ್ನ ಮಾಡೋಣ:

“ಫ್ರಾಂಕೆನ್‌ಸ್ಟೈನ್ ಕಾದಂಬರಿಯಲ್ಲಿ ವಿಕಾರ ರೂಪದ ಮೇಲಿನ ಅಸಹ್ಯ ಮನುಷ್ಯರಿಗೆ ಹುಟ್ಟಿನಿಂದಲೇ ಬಂದಿರುವುದರಿಂದ, ಎಷ್ಟೇ ಒಳ್ಳೆಯ ಮಾತೂ ಅದನ್ನು ಗೆಲ್ಲಲಾರದು.”

ಇದು ಮೊದಲಿನದಕ್ಕಿಂತ ಬಹಳ ಮೇಲು. ಒಂದು ಕಾರಣ ಹೇಳುತ್ತಿದೆ, ವಿಲಿಯಂನಂಥ ಪುಟ್ಟ ಹುಡುಗನ ಕಿರುಚಾಟವನ್ನು ಆಧಾರವಾಗಿ ಕೊಡಬಹುದು. ಜೀವಿಯ ಲೆಕ್ಕಾಚಾರವೂ ಅಲ್ಲಿ ಅದೇ ಆಗಿತ್ತು: ಈ ಮಗು ಇನ್ನೂ ಚಿಕ್ಕದು, ಇದಕ್ಕೆ ಪೂರ್ವಗ್ರಹ ಇರಲಾರದು, ಇವನನ್ನು ಎತ್ತಿಕೊಂಡು ಹೋಗಿ ಗೆಳೆಯನಾಗಿ ಬೆಳೆಸುತ್ತೇನೆ. ಮಗು ಕಿರುಚಿದಾಗ ಆ ಆಸೆ ಒಡೆಯುತ್ತದೆ. ತುಂಬಾ ಜನ ಇಲ್ಲಿಗೇ ನಿಲ್ಲಿಸಿ ಪ್ರಬಂಧ ಬರೆಯಲು ಕೂತುಬಿಡುತ್ತಾರೆ. ನೀವು ಕೂರಬೇಡಿ.

ಹೆಜ್ಜೆ 4: ನಿಮ್ಮ ವಾದವನ್ನು ನೀವೇ ಕೆಡವಲು ನೋಡಿ

ಈ ಕೆಲಸಕ್ಕೆ ಒಂದು ಸಂಜೆ ಪೂರ್ತಿ ಕೊಟ್ಟರೂ ನಷ್ಟವಿಲ್ಲ. ನಿಮ್ಮ ವಾಕ್ಯಕ್ಕೆ ವಿರುದ್ಧವಾಗಿರುವ ಸನ್ನಿವೇಶವನ್ನು ಬೇಕಂತಲೇ ಹುಡುಕಬೇಕು. ಅದಕ್ಕೆ ಒಳ್ಳೆಯ ಜಾಗ ಬೇರೆಲ್ಲೂ ಅಲ್ಲ, ನೀವು ಅತಿ ಗಟ್ಟಿ ಆಧಾರ ಅಂದುಕೊಂಡ ಸನ್ನಿವೇಶದಲ್ಲೇ ಇರುತ್ತದೆ. ಅದನ್ನು ಇನ್ನೂ ನಾಲ್ಕು ಸಾಲು ಮುಂದಕ್ಕೆ ಓದಿ.

ವಿಲಿಯಂ ಕಿರುಚಿದ ಮೇಲೆ ಏನು ಹೇಳುತ್ತಾನೆ? ನೀನು ನನ್ನನ್ನು ತಿನ್ನಲು ಬಂದಿದ್ದೀಯ, ಹರಿದು ಹಾಕುತ್ತೀಯ, ನೀನು ನರಭಕ್ಷಕ ರಾಕ್ಷಸ ಎನ್ನುತ್ತಾನೆ. ಮಕ್ಕಳನ್ನು ತಿನ್ನುವ ರಾಕ್ಷಸ ಇರುತ್ತಾನೆ ಎಂದು ಆ ಹುಡುಗನಿಗೆ ಹೇಗೆ ಗೊತ್ತು? ಯಾರೋ ಕಥೆ ಹೇಳಿದ್ದಾರೆ. ಅಂದರೆ ಅವನ ಭಯ ಪೂರ್ತಿ ಹುಟ್ಟಿನಿಂದ ಬಂದದ್ದಲ್ಲ. ಕಣ್ಣಿಗೆ ಬಿದ್ದದ್ದಕ್ಕೆ ಹೆಸರಿಡಲು ಅವನ ಹತ್ತಿರ ಒಂದು ಕಥೆ ಮೊದಲೇ ಸಿದ್ಧವಾಗಿತ್ತು. ‘ಹುಟ್ಟಿನಿಂದಲೇ’ ಎಂಬ ನಮ್ಮ ಪದ ಇಲ್ಲಿಗೆ ಬಿತ್ತು.

ಇನ್ನೊಂದು ಪೆಟ್ಟು 24ನೇ ಅಧ್ಯಾಯದಲ್ಲಿ. ಜೀವಿಯ ದುಃಖದ ಮಾತು ಕೇಳಿ ವಾಲ್ಟನ್ ಮೊದಲು ಕರಗುತ್ತಾನೆ. ಆಮೇಲೆ ಗಟ್ಟಿಯಾಗುತ್ತಾನೆ. ಯಾಕೆ? ಅಲ್ಲಿ ಎರಡು ಕಾರಣ ಇವೆ. ಒಂದು, ಇವನು ಮಾತಿನಲ್ಲಿ ಮರುಳು ಮಾಡುತ್ತಾನೆ ಎಂದು ವಿಕ್ಟರ್ ಸಾಯುವ ಮುಂಚೆ ಹೇಳಿದ್ದು ನೆನಪಾಗುತ್ತದೆ. ಇನ್ನೊಂದು, ಪಕ್ಕದಲ್ಲಿ ಮಲಗಿರುವ ವಿಕ್ಟರನ ಹೆಣ ಕಣ್ಣಿಗೆ ಬೀಳುತ್ತದೆ. ಜೀವಿಯ ಮುಖ ಇಲ್ಲಿ ಕಾರಣವೇ ಅಲ್ಲ. ‘ನೋಟ ಕೆಟ್ಟದ್ದು, ಮಾತು ಒಳ್ಳೆಯದು’ ಎಂಬ ಲೆಕ್ಕವೂ ಇಲ್ಲಿ ಕೆಡುತ್ತದೆ, ಯಾಕೆಂದರೆ ಜೀವಿಯ ಮಾತನ್ನು ಸೋಲಿಸಿದ್ದು ಇನ್ನೊಬ್ಬನ ಮಾತು.

ಹಾಗಂತ ‘ಅಸಹ್ಯವೆಲ್ಲ ಕಥೆಗಳಿಂದ ಕಲಿತದ್ದು’ ಎಂದು ಪೂರ್ತಿ ತಿರುಗಿ ಬೀಳೋಣವೇ? ಅದೂ ನಿಲ್ಲುವುದಿಲ್ಲ. 5ನೇ ಅಧ್ಯಾಯದಲ್ಲಿ ವಿಕ್ಟರನಿಗೆ ಯಾರೂ ಯಾವ ಕಥೆಯನ್ನೂ ಹೇಳಿರಲಿಲ್ಲ. 12ನೇ ಅಧ್ಯಾಯದಲ್ಲಿ ಜೀವಿಯೇ ನೀರಿನಲ್ಲಿ ತನ್ನ ಬಿಂಬ ಕಂಡು ಬೆಚ್ಚುತ್ತಾನೆ. ಅವನ ಕಣ್ಣಿಗೆ ಆಗ ಡಿ ಲೇಸಿ ಮನೆಯವರ ಚೆಲುವು ರೂಢಿಯಾಗಿತ್ತು ಅಷ್ಟೇ, ರಾಕ್ಷಸರ ಕಥೆ ಕೇಳಿರಲಿಲ್ಲ.

ಹೀಗೆ ಎರಡೂ ಕಡೆಯಿಂದ ಪೆಟ್ಟು ಬಿದ್ದಾಗ ಹೆದರಿ ವಿಷಯ ಬದಲಿಸಬೇಡಿ. ಒಪ್ಪದ ಸನ್ನಿವೇಶಗಳನ್ನೂ ಒಪ್ಪುವ ಸನ್ನಿವೇಶಗಳನ್ನೂ ಒಟ್ಟಿಗೆ ಇಟ್ಟು, ಇವೆಲ್ಲದಕ್ಕೂ ಸಮಾನವಾದದ್ದು ಏನು ಎಂದು ಕೇಳಿ. ನಾನು ಕಾಗದದಲ್ಲಿ ಪ್ರತಿ ಸನ್ನಿವೇಶದ ಎದುರು ಒಂದೇ ಪ್ರಶ್ನೆ ಬರೆಯುತ್ತೇನೆ: ಈ ಮನುಷ್ಯನಿಗೆ ಮೊದಲು ಸಿಕ್ಕಿದ್ದು ಏನು?

ವಿಕ್ಟರನಿಗೆ ಮೊದಲು ಸಿಕ್ಕಿದ್ದು ಮುಖ, ಮಾತು ಬಂದದ್ದು ಬಹಳ ತಡವಾಗಿ. ಫೆಲಿಕ್ಸ್‌ಗೆ ಮೊದಲು ಮುಖ, ಮಾತು ಸಿಗಲೇ ಇಲ್ಲ. ಗುಂಡು ಹಾರಿಸಿದವನಿಗೂ ಅಷ್ಟೇ. ವಿಲಿಯಂಗೆ ಮೊದಲು ರಾಕ್ಷಸನ ಕಥೆ, ಆಮೇಲೆ ಮುಖ. ವಾಲ್ಟನ್‌ಗೆ ಮೊದಲು ವಿಕ್ಟರನ ಕಥೆ, ಆಮೇಲೆ ಮುಖ, ಕೊನೆಗೆ ಜೀವಿಯ ಮಾತು. ಡಿ ಲೇಸಿ ಒಬ್ಬನಿಗೆ ಮಾತ್ರ ಜೀವಿಯ ಮಾತೇ ಮೊದಲು. ಅಲ್ಲಿ ಮಾತ್ರ ಕೆಲಸ ಹೆಚ್ಚುಕಡಿಮೆ ಆಗಿಬಿಡುತ್ತಿತ್ತು.

ಈಗ ಸಿಕ್ಕಿತು. ವಿಷಯ ನೋಟ, ಮಾತುಗಳಲ್ಲಿ ಯಾವುದು ಒಳ್ಳೆಯದು ಎಂಬುದಲ್ಲ. ಯಾವುದು ಮೊದಲು ಬರುತ್ತದೆ ಎಂಬುದು. ಮೊದಲ ಸಲ ಪುಸ್ತಕ ಓದಿದಾಗ ಇದು ಹೊಳೆಯುವುದು ಕಷ್ಟ. ನಮ್ಮ ಎರಡನೆಯ ವಾಕ್ಯ ಮುರಿದು ಬಿದ್ದದ್ದರಿಂದಲೇ ಹೊಳೆಯಿತು.

ಹೆಜ್ಜೆ 5: ವಾಕ್ಯ ಕಟ್ಟುವುದು

ಮೂರನೆಯ ಪ್ರಯತ್ನ:

“ಫ್ರಾಂಕೆನ್‌ಸ್ಟೈನ್ ಕಾದಂಬರಿಯಲ್ಲಿ ಜೀವಿಯ ಮಾತಿಗೆ ಕೇಳುವವರನ್ನು ಕರಗಿಸುವ ಶಕ್ತಿ ಇದ್ದರೂ, ಡಿ ಲೇಸಿಯ ಹೊರತು ಉಳಿದವರಿಗೆಲ್ಲ ಅದು ಅವನ ಮುಖ ನೋಡಿದ ಮೇಲೋ ಬೇರೆಯವರು ಹೇಳಿದ ಕಥೆ ಕೇಳಿದ ಮೇಲೋ ತಲುಪುವುದರಿಂದ ಅಥವಾ ತಲುಪದೇ ಹೋಗುವುದರಿಂದ, ಅವನ ಸೋಲಿಗೆ ಕಾರಣ ವಿಕಾರ ರೂಪಕ್ಕಿಂತ ಹೆಚ್ಚಾಗಿ ಈ ತಡವೇ ಎಂದು ಕಾದಂಬರಿ ತೋರಿಸುತ್ತದೆ.”

ವಿಚಾರ ಸರಿ, ವಾಕ್ಯ ಉಸಿರುಗಟ್ಟಿಸುತ್ತದೆ. ಕನ್ನಡದಲ್ಲಿ ಬರೆಯುವಾಗ ಈ ತೊಂದರೆ ಇದ್ದದ್ದೇ. ಮುಖ್ಯ ಕ್ರಿಯಾಪದ ಕೊನೆಗೆ ಬರುವುದರಿಂದ ‘ಇದ್ದರೂ’, ‘ಆದ್ದರಿಂದ’ಗಳನ್ನು ಒಂದರ ಹಿಂದೆ ಒಂದು ಪೋಣಿಸುತ್ತಾ ಹೋದರೆ ಓದುಗರು ನಿಮ್ಮ ವಾದ ಏನೆಂದು ತಿಳಿಯಲು ಕೊನೆಯ ಪದದವರೆಗೂ ಕಾಯಬೇಕು. ಥೀಸಿಸ್ ಒಂದೇ ವಾಕ್ಯ ಆಗಿರಲೇಬೇಕು ಎಂಬ ಹಟ ಬಿಡಿ. ಒಡೆಯಿರಿ:

“ಫ್ರಾಂಕೆನ್‌ಸ್ಟೈನ್ ಕಾದಂಬರಿಯಲ್ಲಿ ಜೀವಿಯನ್ನು ಸೋಲಿಸುವುದು ಅವನ ರೂಪಕ್ಕಿಂತ ಹೆಚ್ಚಾಗಿ ಅವನ ಮಾತಿಗಾಗುವ ತಡ. ಅವನು ಬಾಯಿ ತೆರೆಯುವ ಮೊದಲೇ ಅವನ ಮುಖವೋ, ಬೇರೆಯವರು ಹೇಳಿದ ಕಥೆಯೋ ತೀರ್ಪು ಕೊಟ್ಟಾಗಿರುತ್ತದೆ. ಮಾತೇ ಮೊದಲು ತಲುಪಿದ ಒಬ್ಬನೇ ಒಬ್ಬ, ಕುರುಡ ಡಿ ಲೇಸಿ, ಅವನನ್ನು ಮನುಷ್ಯನಂತೆ ಕಾಣುತ್ತಾನೆ.”

ಇದರಲ್ಲಿ ಏನೇನಿದೆ ನೋಡಿ. ಎಲ್ಲರೂ ನಂಬುವ ಓದು ಒಂದಿದೆ: ರೂಪದಿಂದಲೇ ಸೋತ. ಅದಕ್ಕೆ ಎದುರಾಗಿ ನಿಮ್ಮ ಓದು ಇದೆ: ತಡದಿಂದ ಸೋತ. ಹೇಗೆ ಎಂಬುದು ಇದೆ. ಪರೀಕ್ಷಿಸಿ ನೋಡಲು ಒಂದು ಹೆಸರೂ ಇದೆ. ‘ರೂಪಕ್ಕಿಂತ ಹೆಚ್ಚಾಗಿ’ ಎಂಬ ಮಾತನ್ನು ಯೋಚಿಸಿಯೇ ಇಟ್ಟಿದ್ದು. ‘ರೂಪದಿಂದ ಅಲ್ಲವೇ ಅಲ್ಲ’ ಎಂದು ಬರೆದರೆ 5ನೇ ಅಧ್ಯಾಯವೇ ನಿಮ್ಮನ್ನು ಸುಳ್ಳು ಮಾಡುತ್ತದೆ. ಎಷ್ಟು ದೂರ ಸಾಬೀತು ಮಾಡಬಲ್ಲಿರೋ ಅಷ್ಟೇ ದೂರ ಹೇಳಿ.

ಕೆಲವು ಪದಗಳನ್ನು ಇಲ್ಲಿ ಹೊಡೆದುಹಾಕಬೇಕು. ‘ಸಮಾಜ’ ಅದರಲ್ಲಿ ಮೊದಲನೆಯದು. “ಸಮಾಜ ಜೀವಿಯನ್ನು ತಿರಸ್ಕರಿಸಿತು” ಎಂದು ಬರೆದರೆ ಫೆಲಿಕ್ಸ್, ವಿಲಿಯಂ, ವಾಲ್ಟನ್ ಎಲ್ಲ ಒಂದೇ ಮುದ್ದೆಯಾಗುತ್ತಾರೆ. ನಮ್ಮ ವಾದ ನಿಂತಿರುವುದೇ ಅವರ ನಡುವಿನ ವ್ಯತ್ಯಾಸದ ಮೇಲೆ. ‘ಅನೇಕ ರೀತಿಯಲ್ಲಿ’, ‘ವಿವಿಧ ಆಯಾಮಗಳು’, ‘ಪ್ರಮುಖ ಪಾತ್ರ ವಹಿಸುತ್ತದೆ’ ಇವೂ ಅದೇ ಜಾತಿ. ಇವು ಬಂದ ಕಡೆ ನೀವಿನ್ನೂ ಏನು ಹೇಳಬೇಕೆಂದು ತೀರ್ಮಾನಿಸಿಲ್ಲ ಎಂದೇ ಅರ್ಥ. ‘ನನ್ನ ಅಭಿಪ್ರಾಯದಲ್ಲಿ’ ಕೂಡ ಬೇಡ. ಪ್ರಬಂಧ ನಿಮ್ಮದೇ ಅಲ್ವಾ, ಬೇರೆ ಯಾರ ಅಭಿಪ್ರಾಯ ಇರುತ್ತದೆ?

ಹೆಜ್ಜೆ 6: “ಆಗಲಿ, ಅದಕ್ಕೇನೀಗ?”

ಥೀಸಿಸ್ ಸರಿಯಾಗಿದ್ದರೂ ಕೆಲವೊಮ್ಮೆ ಓದಿದವರು ಹೀಗೆ ಕೇಳುತ್ತಾರೆ. ಮಾತು ತಡವಾಗಿ ಬರುತ್ತದೆ, ಸರಿ. ಅದರಿಂದ ಕಾದಂಬರಿಯನ್ನು ಓದುವ ರೀತಿಯಲ್ಲಿ ಏನು ಬದಲಾಗುತ್ತದೆ? ಇದಕ್ಕೆ ಉತ್ತರ ನೀತಿಪಾಠದಲ್ಲಿ ಸಿಗುವುದಿಲ್ಲ, ಕಾದಂಬರಿಯ ಕಟ್ಟಡದಲ್ಲಿ ಸಿಗುತ್ತದೆ.

‘ಫ್ರಾಂಕೆನ್‌ಸ್ಟೈನ್’ ಒಂದರೊಳಗೆ ಒಂದು ಇಟ್ಟ ಡಬ್ಬಿಗಳ ಹಾಗಿದೆ. ಹೊರಗೆ ವಾಲ್ಟನ್ ತನ್ನ ಅಕ್ಕನಿಗೆ ಬರೆಯುವ ಪತ್ರಗಳು. ಅವುಗಳೊಳಗೆ ವಿಕ್ಟರ್ ಹೇಳುವ ಕಥೆ. ಅದರೊಳಗೆ, 11ರಿಂದ 16ನೇ ಅಧ್ಯಾಯದವರೆಗೆ, ಜೀವಿಯ ಸ್ವಂತ ಮಾತು. ಅಂದರೆ ಓದುಗರಾದ ನಮಗೂ ಜೀವಿಯ ಮಾತು ತಡವಾಗಿಯೇ ಸಿಗುತ್ತದೆ! ಅದಕ್ಕೆ ಮೊದಲು ವಿಕ್ಟರ್ ಅವನನ್ನು ಪಿಶಾಚಿ ಎಂದು ಕರೆದಾಗಿರುತ್ತದೆ, ವಿಲಿಯಂ ಜೀವಿಯ ಕೈಯಲ್ಲಿ ಸತ್ತಾಗಿರುತ್ತದೆ, ಆ ಕೊಲೆಯ ಆರೋಪ ಹೊತ್ತ ಜಸ್ಟಿನ್ ಗಲ್ಲಿಗೇರಿಯಾಗಿರುತ್ತದೆ. ಡಿ ಲೇಸಿಯ ಹಾಗೆ ನಮಗೂ ಜೀವಿಯ ಮುಖ ಕಾಣುವುದಿಲ್ಲ. ಆದರೆ ವಾಲ್ಟನ್‌ನ ಹಾಗೆ ನಾವು ವಿಕ್ಟರನ ಕಥೆ ಮೊದಲೇ ಕೇಳಿದ್ದೇವೆ.

ಇದನ್ನು ಥೀಸಿಸ್‌ಗೆ ಒಂದು ಸಾಲಾಗಿ ಸೇರಿಸಬಹುದು: “ಕಥೆಯೊಳಗೆ ಕಥೆ ಇಟ್ಟಿರುವ ಕಟ್ಟಡ ಓದುಗರನ್ನೂ ಇದೇ ಪರೀಕ್ಷೆಗೆ ಒಡ್ಡುತ್ತದೆ.” ಸಾವಿರದೈನೂರು ಪದಗಳಲ್ಲಿ ಇದಕ್ಕೂ ಜಾಗ ಸಿಕ್ಕರೆ ಸೇರಿಸಿ. ಇಲ್ಲವಾದರೆ ಕೊನೆಯ ಪ್ಯಾರಾಗೆ ಇಟ್ಟುಕೊಳ್ಳಿ. ನಾನಾದರೆ ಸೇರಿಸುತ್ತೇನೆ, ಯಾಕೆಂದರೆ ಸನ್ನಿವೇಶಗಳ ಪಟ್ಟಿಯಾಗಿ ಉಳಿಯಬಹುದಾದ ಪ್ರಬಂಧವನ್ನು ಇದು ಇಡೀ ಕಾದಂಬರಿಯ ಬಗೆಗಿನ ವಾದ ಮಾಡುತ್ತದೆ.

ಹೆಜ್ಜೆ 7: ಬರೆಯುವ ಮೊದಲು ತೂಕ ನೋಡಿ

ಥೀಸಿಸ್ ಕೆಳಗೆ ಪ್ರತಿ ಪ್ಯಾರಾದ ಮೊದಲ ವಾಕ್ಯವನ್ನು ಮಾತ್ರ ಬರೆಯಿರಿ. ಸಾವಿರದೈನೂರು ಪದಕ್ಕೆ ನಡುವೆ ನಾಲ್ಕೋ ಐದೋ ಪ್ಯಾರಾ ಬರುತ್ತವೆ. ನಮ್ಮದಕ್ಕೆ ಹೀಗೆ:

1. ಡಿ ಲೇಸಿಯ ಮನೆಯಲ್ಲಿ ಮಾತು ಮೊದಲು ಬಂದದ್ದರಿಂದಲೇ ನಂಬಿಕೆ ಹುಟ್ಟುತ್ತದೆ, ಫೆಲಿಕ್ಸ್‌ಗೆ ಮುಖ ಮೊದಲು ಬಂದದ್ದರಿಂದ ಕೋಲು ಏಳುತ್ತದೆ.
2. ವಿಕ್ಟರ್ ಕಥೆ ಪೂರ್ತಿ ಕೇಳಿದರೂ, ಮೊದಲ ರಾತ್ರಿಯ ನೋಟ ಅವನ ಕನಿಕರವನ್ನು ಮತ್ತೆ ಮತ್ತೆ ಕೆಡಿಸುತ್ತದೆ.
3. ಮುಖಕ್ಕಿಂತ ಮೊದಲೇ ಬೇರೆಯವರ ಕಥೆ ಕೂತಿದ್ದರೆ ಏನಾಗುತ್ತದೆ ಎಂಬುದನ್ನು ವಿಲಿಯಂ ಮತ್ತು ವಾಲ್ಟನ್ ತೋರಿಸುತ್ತಾರೆ.
4. ಜೀವಿ ಕೊಲೆಗಾರ ಎಂಬ ಕಾರಣಕ್ಕೇ ಜನ ಅವನನ್ನು ನಂಬುವುದಿಲ್ಲ ಎಂದು ಹೇಳಬಹುದು. ಆದರೆ ಫೆಲಿಕ್ಸ್ ಹೊಡೆದಾಗಲೂ ಗುಂಡು ಹಾರಿದಾಗಲೂ ಅವನು ಯಾರನ್ನೂ ಕೊಂದಿರಲಿಲ್ಲ.
5. ಇದೇ ಸರದಿಯಲ್ಲಿ ಕಾದಂಬರಿ ತನ್ನ ಓದುಗರನ್ನೂ ನಿಲ್ಲಿಸುತ್ತದೆ.

ಈ ಐದು ಸಾಲುಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೂ ಏನೂ ಆಗದಿದ್ದರೆ, ವಾದ ಮುಂದೆ ಸಾಗುತ್ತಿಲ್ಲ, ಉದಾಹರಣೆಗಳು ಸುಮ್ನೆ ಸಾಲಾಗಿ ನಿಂತಿವೆ ಎಂದು ತಿಳಿಯಿರಿ. ನಮ್ಮಲ್ಲಿ ಮೂರನೆಯದು ಮೊದಲು ಬರಲಾರದು. ಮುಖದ ಮಾತು ಮುಗಿಯದೆ ‘ಮುಖಕ್ಕಿಂತ ಮೊದಲು’ ಎಂದು ಹೇಳಲು ಆಗುವುದಿಲ್ಲ. ಒಂದು ಪ್ಯಾರಾಗೆ ಪುಸ್ತಕದಿಂದ ಒಂದೂ ಸನ್ನಿವೇಶ ಸಿಗದಿದ್ದರೆ ಥೀಸಿಸ್ ದೊಡ್ಡದಾಗಿದೆ, ಕಡಿಮೆ ಮಾಡಿ. ಎರಡೇ ಪ್ಯಾರಾಗೆ ವಾದ ಮುಗಿದರೆ ಅದು ಚಿಕ್ಕದಾಗಿದೆ, ಹೆಜ್ಜೆ 6ಕ್ಕೆ ಹೋಗಿ.

ನಾಲ್ಕನೆಯ ಪ್ಯಾರಾ ಎದುರಾಳಿಗೆ ಮೀಸಲು. ಅವರಿಗೆ ಅವರ ಅತಿ ಗಟ್ಟಿ ಆಧಾರವನ್ನೇ ಕೊಡಿ. ಇಲ್ಲಿ ಇನ್ನೂ ಗಟ್ಟಿಯಾದದ್ದು ಒಂದಿದೆ: 20ನೇ ಅಧ್ಯಾಯದಲ್ಲಿ ವಿಕ್ಟರ್, ತನಗೊಂದು ಜೊತೆ ಬೇಕೆಂದು ಜೀವಿ ಕೇಳಿದ್ದಕ್ಕೆ ಅರ್ಧ ಮಾಡಿದ ಹೆಣ್ಣುಜೀವಿಯನ್ನು ಹರಿದು ಹಾಕುತ್ತಾನೆ. ಕಿಟಕಿಯಲ್ಲಿ ಜೀವಿಯ ಮುಖ ಕಂಡ ಕ್ಷಣದಲ್ಲೇ ಅದು ನಡೆಯುವುದರಿಂದ ನಮ್ಮ ವಾದಕ್ಕೆ ಅನುಕೂಲ ಅನ್ನಿಸುತ್ತದೆ. ಆದರೆ ಅದಕ್ಕೆ ಮೊದಲೇ ಅವನು ಕೂತು ಯೋಚಿಸಿದ್ದಾನೆ: ಇವಳು ಒಪ್ಪದಿದ್ದರೆ? ಇವರಿಗೆ ಮಕ್ಕಳಾದರೆ? ಮುಖ ನಿರ್ಧರಿಸಿತೋ, ಯೋಚನೆ ನಿರ್ಧರಿಸಿತೋ? ಇಬ್ಬರು ಓದುಗರು ಇದರ ಮೇಲೆ ಬೇರೆ ಬೇರೆ ತೀರ್ಮಾನಕ್ಕೆ ಬರಬಹುದು. ನಿಮ್ಮ ತೀರ್ಮಾನಕ್ಕೆ ಕಾರಣ ಕೊಡಿ. ಈ ಸನ್ನಿವೇಶವನ್ನು ಮಾತ್ರ ಬಚ್ಚಿಡಬೇಡಿ, ಪುಸ್ತಕ ಓದಿದ ಮೇಷ್ಟ್ರಿಗೆ ಅದು ಮೊದಲು ನೆನಪಾಗುತ್ತದೆ.

ಹೆಜ್ಜೆ 8: ಎಲ್ಲಿ ಇಡಬೇಕು, ಯಾವಾಗ ತಿದ್ದಬೇಕು

ಮೊದಲ ಪ್ಯಾರಾದ ಕೊನೆಯಲ್ಲಿ ಇಡುವುದು ರೂಢಿ, ಅದು ಸರಿಯಾಗಿಯೂ ಇದೆ. ಅದರ ಮುಂಚೆ ಎರಡು ಮೂರು ವಾಕ್ಯ ಸಾಕು. ಸಾಹಿತ್ಯ ಸಮಾಜದ ಕನ್ನಡಿ ಎಂದು ಶುರು ಮಾಡಬೇಕಾಗಿಲ್ಲ. ಹಿಮನದಿಯ ಮೇಲೆ ಜೀವಿ ವಿಕ್ಟರನ ಕಣ್ಣು ಮುಚ್ಚುವ ಆ ಚಲನೆಯಿಂದಲೇ ಶುರು ಮಾಡಿ, ಪ್ರಶ್ನೆ ಕೇಳಿ, ಥೀಸಿಸ್ ಇಡಿ.

ಪ್ರಬಂಧದ ಮೊದಲ ಕರಡು ಮುಗಿದ ಮೇಲೆ ನಿಮ್ಮ ಕೊನೆಯ ಪ್ಯಾರಾವನ್ನೂ ಮೊದಲ ಪ್ಯಾರಾವನ್ನೂ ಪಕ್ಕಪಕ್ಕ ಇಟ್ಟು ಓದಿ. ಬಹಳ ಸಲ ಕೊನೆಯಲ್ಲಿರುವ ವಾದ ಮೊದಲಿನದಕ್ಕಿಂತ ಚುರುಕಾಗಿರುತ್ತದೆ, ಬರೆಯುತ್ತಾ ಬರೆಯುತ್ತಾ ಯೋಚನೆ ತಿಳಿಯಾಗಿರುತ್ತದೆ. ಹಾಗಿದ್ದರೆ ಕೊನೆಯ ವಾಕ್ಯವನ್ನು ಎತ್ತಿ ಮೊದಲಿಗೆ ತನ್ನಿ, ಅದಕ್ಕೆ ತಕ್ಕಂತೆ ಪ್ಯಾರಾಗಳ ಮೊದಲ ಸಾಲುಗಳನ್ನು ತಿದ್ದಿ, ಕೊನೆಯ ಪ್ಯಾರಾವನ್ನು ಹೊಸದಾಗಿ ಬರೆಯಿರಿ. ಇದಕ್ಕಾಗಿ ಸಲ್ಲಿಸುವ ದಿನಕ್ಕೆ ಒಂದು ದಿನ ಮೊದಲೇ ಕರಡು ಮುಗಿಸಿಕೊಳ್ಳಿ.